ಹಿಂದಿಯಲ್ಲಿ ಕ್ಲರ್ಕ್ ಹುದ್ದೆಗೆ ಅರ್ಜಿ: ‘ಸೇವಾ ಮೇಂ’ನಿಂದ ‘ಭವದೀಯ’ದವರೆಗೆ

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ನಮ್ಮ ಮಕ್ಕಳಿಗೆ ಹಿಂದಿ ಹೊಸದಲ್ಲ. ಶಾಲೆಯಲ್ಲಿ ಕಲಿತಿದ್ದಾರೆ, ಕೆಲವರು ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳನ್ನೂ ಬರೆದಿದ್ದಾರೆ. ಮುಂಬೈಗೆ ಹೋಗಿ ಬಂದವರಿಗೆ ಮಾತೂ ಬರುತ್ತದೆ. ಆದರೆ ‘ಹಿಂದಿಯಲ್ಲಿ ಒಂದು ಅರ್ಜಿ ಬರೆದು ಕೊಡಿ’ ಎಂದು ಯಾರಾದರೂ ಹೇಳಿದ ಕೂಡಲೇ ಪೆನ್ನು ನಿಲ್ಲುತ್ತದೆ. ಮಾತಾಡುವ ಹಿಂದಿ ಬೇರೆ, ಅರ್ಜಿಯ ಹಿಂದಿ ಬೇರೆ. ಅರ್ಜಿಯ ಹಿಂದಿಗೆ ಒಂದು ಕಟ್ಟು ಉಂಟು. ಆ ಕಟ್ಟನ್ನು ಒಮ್ಮೆ ತಿಳಿದುಕೊಂಡರೆ ಮತ್ತೆ ಯಾವ ಹುದ್ದೆಗೆ ಬೇಕಾದರೂ ಬರೆಯಬಹುದು. ಇಲ್ಲಿ ಕ್ಲರ್ಕ್ ಹುದ್ದೆಯ ಒಂದು ಅರ್ಜಿಯನ್ನು ಪೂರ್ತಿ ಬರೆದು ನೋಡೋಣ.

ಮೊದಲೇ ಒಂದು ವಿಷಯ. ಇಲ್ಲಿ ಹಿಂದಿ ಪದಗಳನ್ನು ಕನ್ನಡ ಲಿಪಿಯಲ್ಲಿ ಅಕ್ಷರಕ್ಕೆ ಅಕ್ಷರ ಇಟ್ಟು ಬರೆದಿದೆ. ದೇವನಾಗರಿಗೆ ಇಳಿಸುವಾಗ ಹಾಗೆಯೇ ಇಳಿಸಿ. ಓದುವಾಗ ಮಾತ್ರ ಪದದ ಕೊನೆಯ ಅಕಾರವನ್ನು ನುಂಗಬೇಕು. ‘ಆವೇದನ’ ಎಂದು ಬರೆದರೂ ಹೇಳುವುದು ‘ಆವೇದನ್’. ಕಿವಿಗೆ ಕೇಳಿದ ಹಾಗೆ ಬರೆಯಲು ಹೋಗಿ ಕೊನೆಗೆ ಹಲಂತ ಹಾಕಬೇಡಿ, ಅದು ತಪ್ಪಾಗುತ್ತದೆ. ಹಾಗೆಯೇ ಜ್ಞಾನ, ವಿಜ್ಞಾಪನ ಎಂಬ ಪದಗಳನ್ನು ಹಿಂದಿಯವರು ‘ಗ್ಯಾನ್’, ‘ವಿಗ್ಯಾಪನ್’ ಎಂದು ಹೇಳುತ್ತಾರೆ. ಬರೆಯುವುದು ನಮ್ಮ ಹಾಗೆ ‘ಜ್ಞ’ ಎಂದೇ.

ಹಿಂದಿಯಲ್ಲೇ ಬರೆಯಬೇಕಾ?

ಯಾವಾಗಲೂ ಬೇಡ. ಜಾಹೀರಾತು ಯಾವ ಭಾಷೆಯಲ್ಲಿದೆ, ಅರ್ಜಿ ಯಾವ ಭಾಷೆಯಲ್ಲಿ ಕೇಳಿದ್ದಾರೆ ಎಂದು ಮೊದಲು ನೋಡಿ. ಕೇಂದ್ರ ಸರಕಾರದ ಹೆಚ್ಚಿನ ನೇಮಕಾತಿಗೆ ಈಗ ಆನ್‌ಲೈನ್ ಫಾರಂ ಇರುತ್ತದೆ, ಪತ್ರವೇ ಬೇಕಾಗುವುದಿಲ್ಲ. ಮುಂಬೈ ಅಥವಾ ಉತ್ತರದ ಊರುಗಳ ಖಾಸಗಿ ಕಚೇರಿಗಳು, ಶಾಲೆಗಳು, ಸಂಸ್ಥೆಗಳು ಹಿಂದಿಯಲ್ಲಿ ಜಾಹೀರಾತು ಕೊಟ್ಟಾಗ ಈ ಪತ್ರ ಕೆಲಸಕ್ಕೆ ಬರುತ್ತದೆ. ಹಿಂದಿ ಪರೀಕ್ಷೆಯ ಪತ್ರಲೇಖನದ ಪ್ರಶ್ನೆಗೂ ಇದೇ ನಮೂನೆ.

ಕೇಂದ್ರ ಸರಕಾರದ ಕಚೇರಿಗೆ ಬರೆಯುವವರು 1976ರ ರಾಜಭಾಷಾ ನಿಯಮಗಳನ್ನು ತಿಳಿದಿದ್ದರೆ ಒಳ್ಳೆಯದು. ಅದರಲ್ಲಿ ದೇಶವನ್ನು ಕ, ಖ, ಗ ಎಂದು ಮೂರು ಕ್ಷೇತ್ರಗಳಾಗಿ ವಿಂಗಡಿಸಿದ್ದಾರೆ. ಕೇರಳ, ಕರ್ನಾಟಕ ಎರಡೂ ‘ಗ’ ಕ್ಷೇತ್ರ. ಸೊಲ್ಲಾಪುರ ಇರುವ ಮಹಾರಾಷ್ಟ್ರ ‘ಖ’ ಕ್ಷೇತ್ರ. ತಮಿಳುನಾಡಿಗೆ ಈ ನಿಯಮಗಳು ಅನ್ವಯಿಸುವುದೇ ಇಲ್ಲ. ಕೇಂದ್ರ ಕಚೇರಿಗೆ ಹಿಂದಿಯಲ್ಲಿ ಪತ್ರ ಬಂದರೆ ಹಿಂದಿಯಲ್ಲೇ ಉತ್ತರ ಕೊಡಬೇಕು ಎಂದೂ ಆ ನಿಯಮ ಹೇಳುತ್ತದೆ. ಅಂದರೆ ನೀವು ಹಿಂದಿಯಲ್ಲಿ ಬರೆದರೆ ಬರುವ ಉತ್ತರವನ್ನೂ ಹಿಂದಿಯಲ್ಲಿ ಓದಿ ಅರ್ಥಮಾಡಿಕೊಳ್ಳಲು ತಯಾರಿರಬೇಕು.

ಪೂರ್ತಿ ಅರ್ಜಿ

ಉದಾಹರಣೆಗೆ ಹೀಗೆ ಇಟ್ಟುಕೊಳ್ಳೋಣ: ಮಂಜೇಶ್ವರದ ಒಬ್ಬಳು ಹುಡುಗಿ ಬಿ.ಕಾಂ. ಮುಗಿಸಿದ್ದಾಳೆ. ಎರಡು ವರ್ಷದಿಂದ ಊರಿನ ಒಂದು ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಾಳೆ. ಮುಂಬೈಯ ಒಂದು ಸರಕು ಸಾಗಣೆ ಕಚೇರಿಯಲ್ಲಿ ಕ್ಲರ್ಕ್ ಬೇಕು ಎಂದು ಹಿಂದಿ ಪತ್ರಿಕೆಯಲ್ಲಿ ಜಾಹೀರಾತು ಬಂದಿದೆ. ಅಲ್ಲಿನ ಮ್ಯಾನೇಜರ್ ಗಂಡಸು. ಹಿಂದಿ ಪುಸ್ತಕಗಳಲ್ಲಿ ಹೆಸರಿನ ಜಾಗಕ್ಕೆ ‘ಕ.ಖ.ಗ.’, ‘ಅ.ಬ.ಸ.’ ಎಂದು ಹಾಕುವ ರೂಢಿ ಉಂಟು, ಇಲ್ಲೂ ಹಾಗೆಯೇ ಮಾಡಿದೆ.

ಸೇವಾ ಮೇಂ,
ಪ್ರಬಂಧಕ,
ಅ.ಬ.ಸ. ಪರಿವಹನ,
ಮುಂಬಈ।

ದಿನಾಂಕ: 10 ಜೂನ 2025

ವಿಷಯ: ಲಿಪಿಕ ಪದ ಕೇ ಲಿಏ ಆವೇದನ ಪತ್ರ।

ಮಹೋದಯ,

ದಿನಾಂಕ 5 ಜೂನ ಕೇ ಸಮಾಚಾರ ಪತ್ರ ಮೇಂ ಪ್ರಕಾಶಿತ ಆಪಕೇ ವಿಜ್ಞಾಪನ ಸೇ ಜ್ಞಾತ ಹುಆ ಕಿ ಆಪಕೇ ಕಾರ್ಯಾಲಯ ಮೇಂ ಲಿಪಿಕ ಕಾ ಏಕ ಪದ ರಿಕ್ತ ಹೈ। ಮೈಂ ಇಸ ಪದ ಕೇ ಲಿಏ ಅಪನಾ ಆವೇದನ ಪತ್ರ ಪ್ರಸ್ತುತ ಕರ ರಹೀ ಹೂಂ।

ಮೈಂನೇ ಬೀ.ಕಾಮ. ಕೀ ಪರೀಕ್ಷಾ ಪ್ರಥಮ ಶ್ರೇಣೀ ಮೇಂ ಉತ್ತೀರ್ಣ ಕೀ ಹೈ। ಪಿಛಲೇ ದೋ ವರ್ಷೋಂ ಸೇ ಮೈಂ ಏಕ ಸಹಕಾರೀ ಸಮಿತಿ ಮೇಂ ಲೇಖಾ ಸಹಾಯಕ ಕೇ ರೂಪ ಮೇಂ ಕಾರ್ಯ ಕರ ರಹೀ ಹೂಂ। ಮುಝೇ ಕಂಪ್ಯೂಟರ ಪರ ಹಿಂದೀ ಔರ ಅಂಗ್ರೇಜೀ ಟಂಕಣ ಕಾ ಅಭ್ಯಾಸ ಹೈ। ಕನ್ನಡ ಔರ ಮಲಯಾಲಮ ಭಾಷಾಓಂ ಕಾ ಭೀ ಮುಝೇ ಜ್ಞಾನ ಹೈ।

ಅತಃ ಆಪಸೇ ನಿವೇದನ ಹೈ ಕಿ ಮುಝೇ ಸೇವಾ ಕಾ ಅವಸರ ಪ್ರದಾನ ಕರೇಂ। ಮೈಂ ಅಪನಾ ಕಾರ್ಯ ಪೂರೀ ನಿಷ್ಠಾ ಸೇ ಕರೂಂಗೀ।

ಸಧನ್ಯವಾದ।

ಭವದೀಯಾ,
(ಹಸ್ತಾಕ್ಷರ)
ಕ.ಖ.ಗ.
(ವಿಳಾಸ ಮತ್ತು ಫೋನ್ ನಂಬರ್)

ಸಂಲಗ್ನ:
1. ಸ್ವವೃತ್ತ
2. ಬೀ.ಕಾಮ. ಅಂಕಪತ್ರ ಕೀ ಪ್ರತಿ
3. ಅನುಭವ ಪ್ರಮಾಣ ಪತ್ರ ಕೀ ಪ್ರತಿ

ಇಷ್ಟೇ. ಒಂದು ಪುಟ ದಾಟುವುದಿಲ್ಲ. ಮೊದಲ ಪ್ಯಾರಾದಲ್ಲಿ ಹುದ್ದೆಯ ವಿಷಯ ಎಲ್ಲಿಂದ ತಿಳಿಯಿತು, ಏನು ಬೇಕು ಎಂದು ಹೇಳಿದೆ. ಎರಡನೆಯದರಲ್ಲಿ ಓದು, ಅನುಭವ, ಬರುವ ಕೆಲಸ. ಮೂರನೆಯದರಲ್ಲಿ ವಿನಂತಿ. ಮನೆಯ ಕಷ್ಟ, ತಂದೆಯ ಕಾಯಿಲೆ, ತಂಗಿಯ ಮದುವೆ ಇದರಲ್ಲಿ ಬರಬಾರದು. ‘ಸ್ವವೃತ್ತ’ ಎಂದರೆ ಬಯೋಡೇಟಾ. ಅಂಕಗಳು, ವರ್ಷಗಳು, ಕಾಲೇಜಿನ ಹೆಸರು ಎಲ್ಲ ಅದರಲ್ಲಿ ಇರುವುದರಿಂದ ಪತ್ರದಲ್ಲಿ ಮತ್ತೆ ತುಂಬಿಸುವ ಅಗತ್ಯ ಇಲ್ಲ.

ಅಂಕಿಗಳನ್ನು ನಾವು ದಿನಾ ಬರೆಯುವ 1, 2, 3 ರೂಪದಲ್ಲೇ ಬರೆಯಬಹುದು. ದೇವನಾಗರಿ ಅಂಕಿಗಳೇ ಬೇಕು ಎಂದು ಹೆದರಬೇಡಿ. ಸಂವಿಧಾನದ 343ನೇ ವಿಧಿಯಲ್ಲೇ ಕೇಂದ್ರದ ರಾಜಭಾಷೆ ದೇವನಾಗರಿ ಲಿಪಿಯ ಹಿಂದಿ, ಅಂಕಿಗಳು ಅಂತಾರಾಷ್ಟ್ರೀಯ ರೂಪದ್ದು ಎಂದು ಹೇಳಿದೆ.

ಮೊದಲ ಪದ ಓದುವವರದ್ದು, ಕೊನೆಯ ಪದ ಬರೆಯುವವರದ್ದು

ನಮ್ಮವರು ಹೆಚ್ಚು ಎಡವುವುದು ಕೊನೆಯ ಸಾಲಿನಲ್ಲಿ. ಕನ್ನಡದಲ್ಲಿ ‘ತಮ್ಮ ವಿಶ್ವಾಸಿ’ ಎಂದು ಬರೆದರೆ ಮುಗಿಯಿತು. ಬರೆದವರು ಗಂಡೋ ಹೆಣ್ಣೋ, ಆ ಪದ ಬದಲಾಗುವುದಿಲ್ಲ. ಹಿಂದಿಯಲ್ಲಿ ಹಾಗಲ್ಲ. ಗಂಡಸು ಬರೆದರೆ ‘ಭವದೀಯ’, ಹೆಂಗಸು ಬರೆದರೆ ‘ಭವದೀಯಾ’. ಕೊನೆಗೆ ಒಂದು ದೀರ್ಘ ಬರುತ್ತದೆ. ‘ಭವತ್’ ಎಂದರೆ ಸಂಸ್ಕೃತದಲ್ಲಿ ಗೌರವದ ‘ತಾವು’. ‘ಭವದೀಯ’ ಎಂದರೆ ‘ತಮ್ಮವನು’, ‘ಭವದೀಯಾ’ ಎಂದರೆ ‘ತಮ್ಮವಳು’. ಆದ್ದರಿಂದ ಅದು ಸಹಿ ಹಾಕುವವರನ್ನು ನೋಡಿ ಬದಲಾಗುತ್ತದೆ, ಪತ್ರ ತಲುಪುವವರನ್ನು ನೋಡಿ ಅಲ್ಲ.

ಮೇಲಿನ ‘ಮಹೋದಯ’ ಇದಕ್ಕೆ ಉಲ್ಟಾ. ಅದು ಪತ್ರ ಓದುವ ಅಧಿಕಾರಿಯನ್ನು ಕರೆಯುವ ಪದ. ಅಧಿಕಾರಿ ಗಂಡಸಾದರೆ ‘ಮಹೋದಯ’, ಹೆಂಗಸಾದರೆ ‘ಮಹೋದಯಾ’. ಯಾರು ಎಂದು ಗೊತ್ತಿಲ್ಲದಿದ್ದರೆ ನಡುವೆ ಓರೆಗೆರೆ ಹಾಕಿ ‘ಮಹೋದಯ/ಮಹೋದಯಾ’ ಎಂದು ಎರಡನ್ನೂ ಬರೆಯುವ ರೂಢಿ ಉಂಟು. ಈ ಎರಡನ್ನು ಅದಲುಬದಲು ಮಾಡುವುದೇ ಸಾಮಾನ್ಯ ತಪ್ಪು. ಮೇಲೆ ‘ಮಹೋದಯ’ ಬರೆದೆ, ಹಾಗಾದರೆ ಕೆಳಗೂ ‘ಭವದೀಯ’ ಇರಲಿ ಎಂದು ಹುಡುಗಿಯರು ಬರೆದುಬಿಡುತ್ತಾರೆ. ಅಥವಾ ಅಧಿಕಾರಿ ಮೇಡಂ ಎಂದು ಹುಡುಗರು ‘ಭವದೀಯಾ’ ಎನ್ನುತ್ತಾರೆ. ಮೊದಲ ಪದ ಓದುವವರದ್ದು, ಕೊನೆಯ ಪದ ಬರೆಯುವವರದ್ದು ಎಂದು ನೆನಪಿಟ್ಟರೆ ಸಾಕು.

‘ಭವದೀಯ’ವನ್ನು ಬಿಟ್ಟರೆ ಅರ್ಜಿಗೆ ಹೊಂದುವ ಇನ್ನೆರಡು ಪದಗಳಿವೆ. ಒಂದು ‘ಪ್ರಾರ್ಥೀ’, ಅಂದರೆ ಬೇಡಿಕೊಳ್ಳುವವನು. ಹೆಣ್ಣಾದರೆ ‘ಪ್ರಾರ್ಥಿನೀ’. ರಜೆ, ಶುಲ್ಕ ವಿನಾಯಿತಿ ಕೇಳುವ ಅರ್ಜಿಗಳಲ್ಲಿ ಇದು ಹೆಚ್ಚು. ಕೆಲಸದ ಅರ್ಜಿಯಲ್ಲೂ ಬಳಸುತ್ತಾರೆ. ಇನ್ನೊಂದು ‘ಆವೇದಕ’, ಅಂದರೆ ಅರ್ಜಿದಾರ. ಇದರಲ್ಲಿ ಬೇಡಿಕೊಳ್ಳುವ ಧಾಟಿ ಇಲ್ಲ, ನೇರವಾದ ಪದ. ಕಚೇರಿಯ ಪತ್ರವ್ಯವಹಾರದಲ್ಲಿ ಎಲ್ಲ ಕಡೆ ಸಲ್ಲುವುದು ‘ಭವದೀಯ’ವೇ. ಸಂಶಯ ಬಂದರೆ ಅದನ್ನೇ ಬರೆಯಿರಿ.

ಬಳಸಬಾರದ್ದೂ ಇದೆ. ‘ಆಪಕಾ ಆಜ್ಞಾಕಾರೀ ಶಿಷ್ಯ’ ಎಂದು ಶಾಲೆಯಲ್ಲಿ ಹೆಡ್‌ಮಾಸ್ತರರಿಗೆ ರಜೆ ಅರ್ಜಿ ಬರೆಯುವಾಗ ಕಲಿತಿರುತ್ತೇವೆ. ಅದು ವಿದ್ಯಾರ್ಥಿ ಬರೆಯುವುದು. ಕಂಪೆನಿ ಮ್ಯಾನೇಜರ್ ನಿಮ್ಮ ಗುರು ಅಲ್ಲ, ನೀವು ಅವರ ಶಿಷ್ಯನೂ ಅಲ್ಲ. ‘ಆಪಕಾ ಅಪನಾ’, ‘ಸ್ನೇಹಾಕಾಂಕ್ಷೀ’ ಇವು ಗೆಳೆಯರಿಗೆ, ಬಂಧುಗಳಿಗೆ. ಉರ್ದು ಬಲ್ಲವರು ಕೊನೆಗೆ ‘ವಸ್ಸಲಾಮ್’, ‘ಆಪ್ ಕಾ ಮುಖ್ಲಿಸ್’ ಎಂದು ಸೇರಿಸುವುದುಂಟು. ಉರ್ದು ಪತ್ರಕ್ಕೆ ಅದು ಚಂದ. ‘ಆವೇದನ’, ‘ನಿವೇದನ’ ಎಂದು ಸಂಸ್ಕೃತದ ಪದಗಳಲ್ಲಿ ನಡೆದ ಪತ್ರವನ್ನು ಅದರಲ್ಲಿ ಮುಗಿಸಿದರೆ ಧಾಟಿ ತುಂಡಾಗುತ್ತದೆ. ಶುರು ಮಾಡಿದ ಧಾಟಿಯಲ್ಲೇ ಮುಗಿಸುವುದು ಒಳ್ಳೆಯದು.

ಕೊನೆಯ ಸಾಲು ಎಲ್ಲಿ ಬರಬೇಕು ಎಂಬ ಪ್ರಶ್ನೆಯೂ ಬರುತ್ತದೆ. ಹಿಂದೆ ‘ಭವದೀಯ’ ಮತ್ತು ಸಹಿಯನ್ನು ಬಲಗಡೆ ಬರೆಯುತ್ತಿದ್ದರು. ಈಗ ಟೈಪ್ ಮಾಡಿದ ಪತ್ರಗಳಲ್ಲಿ ಎಲ್ಲವನ್ನೂ ಎಡಗಡೆಯಿಂದಲೇ ಶುರು ಮಾಡುತ್ತಾರೆ. ಎರಡೂ ತಪ್ಪಲ್ಲ. ಒಂದೇ ಪತ್ರದಲ್ಲಿ ದಿನಾಂಕ ಒಂದು ಕಡೆ, ಸಹಿ ಮತ್ತೊಂದು ಕಡೆ ಎಂದು ಮಿಶ್ರ ಮಾಡದಿದ್ದರೆ ಆಯಿತು.

ಪತ್ರದ ಒಳಗೂ ಗಂಡು-ಹೆಣ್ಣು

ಕೊನೆಯಲ್ಲಿ ‘ಭವದೀಯಾ’ ಸರಿ ಬರೆದು ಒಳಗೆ ‘ಕರೂಂಗಾ’ ಎಂದಿದ್ದರೆ ಪತ್ರವನ್ನು ಯಾವುದೋ ಪುಸ್ತಕದಿಂದ ನಕಲು ಮಾಡಿದ್ದು ಎಂದು ಗೊತ್ತಾಗಿಬಿಡುತ್ತದೆ. ಹಿಂದಿಯಲ್ಲಿ ‘ನಾನು ಮಾಡುತ್ತೇನೆ’ ಎನ್ನುವಾಗಲೂ ಹೇಳುವವರು ಗಂಡೋ ಹೆಣ್ಣೋ ಎಂದು ಕ್ರಿಯಾಪದದಲ್ಲಿ ಕಾಣುತ್ತದೆ. ಕನ್ನಡದಲ್ಲಿ ‘ನಾನು’ ಎಂದರೆ ಆ ಭೇದ ಇಲ್ಲದ ಕಾರಣ ನಮಗೆ ಅದು ಕಣ್ಣಿಗೆ ಬೀಳುವುದಿಲ್ಲ.

ಮೇಲಿನ ಅರ್ಜಿಯನ್ನೇ ಹುಡುಗ ಬರೆಯುತ್ತಾನೆ ಎಂದಿಟ್ಟುಕೊಳ್ಳಿ. ಬದಲಾಗುವುದು ನಾಲ್ಕೇ ಜಾಗ. ‘ಪ್ರಸ್ತುತ ಕರ ರಹೀ ಹೂಂ’ ಇದ್ದದ್ದು ‘ಕರ ರಹಾ ಹೂಂ’ ಆಗುತ್ತದೆ. ‘ಕಾರ್ಯ ಕರ ರಹೀ ಹೂಂ’ ಎಂಬುದೂ ಹಾಗೆಯೇ. ‘ಕರೂಂಗೀ’ ಎಂಬುದು ‘ಕರೂಂಗಾ’. ಕೊನೆಗೆ ‘ಭವದೀಯಾ’ ಎಂಬುದು ‘ಭವದೀಯ’. ಮ್ಯಾನೇಜರ್ ಮಹಿಳೆಯಾಗಿದ್ದರೆ ‘ಮಹೋದಯ’ ಒಂದೇ ಬದಲಾಗುತ್ತದೆ, ಉಳಿದದ್ದು ಹಾಗೆಯೇ.

ಬದಲಾಗದೆ ಉಳಿಯುವ ಒಂದು ಸಾಲನ್ನು ಗಮನಿಸಿ: ‘ಮೈಂನೇ ಬೀ.ಕಾಮ. ಕೀ ಪರೀಕ್ಷಾ ಉತ್ತೀರ್ಣ ಕೀ ಹೈ’. ಹುಡುಗ ಬರೆದರೂ ಇಲ್ಲಿ ‘ಕೀ ಹೈ’ ಎಂದೇ ಇರಬೇಕು. ಮುಗಿದ ಕೆಲಸವನ್ನು ಹೇಳುವಾಗ ‘ಮೈಂ’ ಎಂಬುದು ‘ಮೈಂನೇ’ ಆಗುತ್ತದೆ. ಆಗ ಕ್ರಿಯಾಪದ ಮಾಡಿದವರನ್ನು ಬಿಟ್ಟು ಮಾಡಿದ ವಸ್ತುವಿನ ಲಿಂಗವನ್ನು ಹಿಡಿಯುತ್ತದೆ. ‘ಪರೀಕ್ಷಾ’ ಹಿಂದಿಯಲ್ಲಿ ಸ್ತ್ರೀಲಿಂಗ, ಆದ್ದರಿಂದ ‘ಕೀ ಹೈ’. ಅದೇ ಡಿಪ್ಲೊಮಾ ಪುಲ್ಲಿಂಗ, ‘ಮೈಂನೇ ಡಿಪ್ಲೋಮಾ ಪ್ರಾಪ್ತ ಕಿಯಾ ಹೈ’ ಎಂದು ಹುಡುಗಿಯೂ ಬರೆಯಬೇಕು. ‘ಮೈಂ ಪರೀಕ್ಷಾ ಪಾಸ ಕಿಯಾ ಹೂಂ’ ಎಂದು ನಾವು ಮಾತಿನಲ್ಲಿ ಹೇಳಿಬಿಡುತ್ತೇವೆ. ಬರೆದರೆ ಅದು ಎದ್ದು ಕಾಣುವ ತಪ್ಪು.

ಕನ್ನಡದವರನ್ನು ಮೋಸ ಮಾಡುವ ಪದಗಳು

ಕನ್ನಡದಲ್ಲೂ ಹಿಂದಿಯಲ್ಲೂ ಇರುವ ಸಂಸ್ಕೃತ ಪದಗಳು ನಮಗೆ ದೊಡ್ಡ ಅನುಕೂಲ. ಅವುಗಳಲ್ಲಿ ಕೆಲವು ಮಾತ್ರ ಬೇರೆ ಅರ್ಥ ಕೊಟ್ಟು ಕೈಕೊಡುತ್ತವೆ. ಈ ಸಾಲು ನೋಡಿ:

‘ಮೈಂ ಆಪಕೇ ಕಂಪನೀ ಮೇಂ ಉದ್ಯೋಗ ಚಾಹತಾ ಹೂಂ, ಕೃಪಯಾ ಮುಝೇ ಅವಕಾಶ ದೇನೇ ಕೀ ಕೃಪಾ ಕರೇಂ।’

ಕನ್ನಡದ ಕಣ್ಣಿಗೆ ಇದು ಎಷ್ಟೋ ಸರಿ ಕಾಣುತ್ತದೆ. ಹಿಂದಿಯವರು ಓದಿದರೆ ನಗುತ್ತಾರೆ. ಹಿಂದಿಯಲ್ಲಿ ‘ಉದ್ಯೋಗ’ ಎಂದರೆ ಕೈಗಾರಿಕೆ, ಉದ್ಯಮ. ಕೆಲಸಕ್ಕೆ ‘ನೌಕರೀ’, ಹುದ್ದೆಗೆ ‘ಪದ’ ಎನ್ನಬೇಕು. ‘ಅವಕಾಶ’ ಎಂದರೆ ಹಿಂದಿಯಲ್ಲಿ ರಜೆ. ಕೆಲಸ ಸಿಗುವ ಮೊದಲೇ ರಜೆ ಕೇಳಿದ ಹಾಗಾಯಿತು! ನಾವು ಹೇಳುವ ಅವಕಾಶಕ್ಕೆ ಹಿಂದಿಯಲ್ಲಿ ‘ಅವಸರ’ ಎನ್ನಬೇಕು. ಕನ್ನಡದಲ್ಲಿ ಅವಸರ ಎಂದರೆ ಗಡಿಬಿಡಿ ಆದ ಕಾರಣ ಆ ಪದ ಬರೆಯಲು ಮನಸ್ಸು ಹೆದರುತ್ತದೆ. ಹೆದರಬೇಡಿ, ಅರ್ಜಿಯಲ್ಲಿ ಬೇಕಾದದ್ದು ಅದೇ.

ಆ ಸಾಲಿನಲ್ಲಿ ಇನ್ನೆರಡು ತಪ್ಪುಗಳಿವೆ. ‘ಕಂಪನೀ’ ಸ್ತ್ರೀಲಿಂಗ, ಹಾಗಾಗಿ ‘ಆಪಕೀ ಕಂಪನೀ’ ಎಂದಾಗಬೇಕು. ‘ಕೃಪಯಾ’ ಎಂದ ಮೇಲೆ ‘ಕೃಪಾ ಕರೇಂ’ ಎಂದರೆ ಒಂದೇ ದಯೆಯನ್ನು ಎರಡು ಸಲ ಕೇಳಿದ ಹಾಗೆ, ಒಂದು ಸಾಕು. ತಿದ್ದಿದರೆ ಹೀಗೆ:

‘ಮೈಂ ಆಪಕೀ ಕಂಪನೀ ಮೇಂ ನೌಕರೀ ಚಾಹತಾ ಹೂಂ, ಮುಝೇ ಅವಸರ ದೇನೇ ಕೀ ಕೃಪಾ ಕರೇಂ।’

ಹುಡುಗಿ ಬರೆದರೆ ಇಲ್ಲಿ ‘ಚಾಹತೀ ಹೂಂ’.

ಇಂಥ ಪದಗಳು ಇನ್ನೂ ಕೆಲವು ಈ ಅರ್ಜಿಯಲ್ಲೇ ಬರುತ್ತವೆ. ‘ವಿಜ್ಞಾಪನ’ ಎಂದರೆ ಹಿಂದಿಯಲ್ಲಿ ಜಾಹೀರಾತು, ನಮ್ಮ ವಿಜ್ಞಾಪನೆ ಅಂದರೆ ವಿನಂತಿ ಅಲ್ಲ. ವಿನಂತಿಗೆ ‘ನಿವೇದನ’. ‘ಪ್ರಬಂಧಕ’ ಎಂದರೆ ಮ್ಯಾನೇಜರ್, ಪ್ರಬಂಧ ಬರೆಯುವವನಲ್ಲ. ‘ಶಿಕ್ಷಾ’ ಎಂದರೆ ವಿದ್ಯಾಭ್ಯಾಸ. ಬಯೋಡೇಟಾದಲ್ಲಿ ‘ಶಿಕ್ಷಾ’ ಎಂಬ ತಲೆಬರಹ ನೋಡಿ ಯಾವ ಶಿಕ್ಷೆ ಆಗಿದೆ ಎಂದು ಗಾಬರಿ ಬೇಡ. ಕ್ಲರ್ಕ್‌ಗೆ ನಾವು ಹೇಳುವ ‘ಗುಮಾಸ್ತ’ವನ್ನೂ ಹಿಂದಿ ಅರ್ಜಿಗೆ ತರಬೇಡಿ, ಅಲ್ಲಿ ಗುಮಾಶ್ತಾ ಎಂದರೆ ವ್ಯಾಪಾರಿಯ ಏಜೆಂಟ್. ಅರ್ಜಿಗೆ ಸರಿಯಾದ ಪದ ‘ಲಿಪಿಕ’.

ಸರಕಾರಿ ಜಾಹೀರಾತಿನಲ್ಲಿ ‘ಅವರ ಶ್ರೇಣೀ ಲಿಪಿಕ’ ಎಂದು ಕಾಣಬಹುದು. ನಾವು ಎಲ್‌ಡಿಸಿ ಎನ್ನುವ ಲೋವರ್ ಡಿವಿಷನ್ ಕ್ಲರ್ಕ್ ಹುದ್ದೆ ಅದು. ‘ಅವರ’ ಎಂದರೆ ಇಲ್ಲಿ ಕೆಳಗಿನ ಎಂದು ಅರ್ಥ, ನಮ್ಮ ‘ಅವರ’ ಅಲ್ಲ. ಜಾಹೀರಾತಿನಲ್ಲಿ ಹುದ್ದೆಯ ಹೆಸರು ಹೇಗಿದೆಯೋ ‘ವಿಷಯ’ದ ಸಾಲಿನಲ್ಲಿ ಹಾಗೆಯೇ ಇಳಿಸಿ. ಒಂದೇ ಜಾಹೀರಾತಿನಲ್ಲಿ ಎರಡು ಮೂರು ಹುದ್ದೆ ಇದ್ದಾಗ ನಿಮ್ಮ ಅರ್ಜಿ ಯಾವ ಕಟ್ಟಿಗೆ ಸೇರಬೇಕು ಎಂದು ಆ ಸಾಲನ್ನು ನೋಡಿಯೇ ತೀರ್ಮಾನಿಸುತ್ತಾರೆ.

ಗೌರವ ಹೆಚ್ಚಾಗಿ ತಪ್ಪಾಗುವುದು

ಮರ್ಯಾದೆ ಹೆಚ್ಚು ತೋರಿಸಲು ಹೋಗಿ ಆಗುವ ತಪ್ಪುಗಳೂ ಇವೆ. ‘ಸವಿನಯಪೂರ್ವಕ’ ಎಂದು ಎಷ್ಟೋ ಜನ ಬರೆಯುತ್ತಾರೆ. ‘ಸ’ ಎಂದರೂ ‘ಪೂರ್ವಕ’ ಎಂದರೂ ಅರ್ಥ ಒಂದೇ, ಅಂದರೆ ಕೂಡಿದ. ‘ಸವಿನಯ’ ಎನ್ನಿ, ಇಲ್ಲವೇ ‘ವಿನಯಪೂರ್ವಕ’ ಎನ್ನಿ. ‘ಸಧನ್ಯವಾದ ಸಹಿತ’ ಕೂಡ ಹಾಗೆಯೇ. ‘ಸಧನ್ಯವಾದ’ ಅಥವಾ ‘ಧನ್ಯವಾದ ಸಹಿತ’, ಎರಡರಲ್ಲಿ ಒಂದು.

ಇದರ ಉಲ್ಟಾ, ಗೌರವ ಕಡಿಮೆಯಾಗುವುದೂ ಉಂಟು. ಮುಂಬೈಯ ಬೀದಿಯಲ್ಲಿ ‘ಆಪ ದೇ ದೋ’, ‘ಆಪ ಬತಾಓ’ ಎಂದರೆ ನಡೆಯುತ್ತದೆ. ಪತ್ರದಲ್ಲಿ ನಡೆಯುವುದಿಲ್ಲ. ‘ದೋ’, ‘ಬತಾಓ’ ಇವು ‘ತುಮ’ಗೆ ಹೊಂದುವ ರೂಪ. ‘ಆಪ’ ಎಂದ ಮೇಲೆ ‘ದೇಂ’, ‘ಕರೇಂ’ ಎಂದು ಬರಬೇಕು. ‘ತಾವು ಕೊಡು’ ಎಂದು ಕನ್ನಡದಲ್ಲಿ ಬರೆದರೆ ಹೇಗಿರುತ್ತದೆ, ಯೋಚಿಸಿ. ಮೇಲೆ ‘ಮಹೋದಯ’, ಕೆಳಗೆ ‘ಭವದೀಯ’ ಸರಿಯಿದ್ದು ನಡುವೆ ಒಂದು ‘ದೇ ದೋ’ ಬಂದರೆ ಅಷ್ಟೂ ಮರ್ಯಾದೆ ಹೋಯಿತು.

ಕವರಿಗೆ ಹಾಕುವ ಮೊದಲು

ಬರೆದದ್ದನ್ನು ಒಂದು ಸಲ ಕೊನೆಯಿಂದ ಮೇಲಕ್ಕೆ ಓದಿ. ಮೊದಲು ‘ಸಂಲಗ್ನ’ ನೋಡಿ. ಅನುಸ್ವಾರ ಮೊದಲ ಅಕ್ಷರದ ಮೇಲೆ ಇರಬೇಕು. ‘ಸಲಂಗ್ನ’ ಎಂದು ಹಿಂದಿಯವರೇ ತಪ್ಪು ಬರೆಯುವುದುಂಟು. ಪಟ್ಟಿಯಲ್ಲಿ ಹೇಳಿದ ಕಾಗದಗಳು ಅದೇ ಕ್ರಮದಲ್ಲಿ ಹಿಂದೆ ಇವೆಯೇ ಎಂದು ಲೆಕ್ಕ ಮಾಡಿ. ಮತ್ತೆ ‘ಭವದೀಯ’. ನಡುವಿನ ‘ದೀ’ ದೀರ್ಘ, ಹ್ರಸ್ವ ಮಾಡಿದರೆ ತಪ್ಪು. ಸಹಿಯ ಕೆಳಗೆ ಹೆಸರು ಪೂರ್ತಿ ಇರಲಿ, ಸಹಿಯನ್ನು ಓದಲು ಆಗುವುದಿಲ್ಲ.

ಮತ್ತೆ ಪತ್ರದ ಒಳಗಿನ ‘ಮೇಂ’ ಮತ್ತು ‘ಮೈಂ’ ಎಲ್ಲವನ್ನೂ ಹುಡುಕಿ. ‘ಒಳಗೆ’ ಎಂಬ ಅರ್ಥದ ‘ಮೇಂ’ಗೆ ದೇವನಾಗರಿಯಲ್ಲಿ ಮೇಲೆ ಒಂದೇ ಗೆರೆ, ‘ನಾನು’ ಎಂಬ ‘ಮೈಂ’ಗೆ ಎರಡು ಗೆರೆ. ‘ಸೇವಾ ಮೇಂ’ ಎಂಬ ಮೊದಲ ಸಾಲಿನಲ್ಲೇ ಎರಡು ಗೆರೆ ಎಳೆದರೆ ‘ಸೇವೆ ನಾನು’ ಎಂದಾಗುತ್ತದೆ. ‘ಹೂಂ’, ‘ಕರೂಂಗೀ’ ಇವುಗಳಿಗೆ ಬರೀ ಚುಕ್ಕೆ ಸಾಲದು, ಅರ್ಧಚಂದ್ರದ ಮೇಲೆ ಚುಕ್ಕೆ ಇರುವ ಚಂದ್ರಬಿಂದು ಬೇಕು. ಕೊನೆಗೆ ಮೇಲಿನ ‘ಮಹೋದಯ’ಕ್ಕೆ ಬನ್ನಿ. ಅದು ಓದುವವರಿಗೆ ಸರಿ ಇದೆಯೇ? ಸರಿ ಇದ್ದರೆ ಕವರ್ ಅಂಟಿಸಬಹುದು.